ಬರಿಗೈಯಲ್ಲಿ ವಾಪಸ್ ಹತ್ತಿದವರು: ಒಬ್ಬ ಕಂಡಕ್ಟರ್‌ ನೋಟ್‌ಬುಕ್ಕಿನ ಕಥೆ

ಬಾಳೆಹೊನ್ನೂರಿನಿಂದ ಬೆಳಿಗ್ಗೆ 6:50ಕ್ಕೆ ಹೊರಡುವ ಒಂದು ಪ್ರೈವೇಟ್ ಬಸ್ಸಿದೆ. ಕಡಬಗೆರೆ, ಆಲ್ದೂರು, ವಸ್ತಾರೆ ದಾಟಿ ಚಿಕ್ಕಮಗಳೂರಿಗೆ ಬರುತ್ತದೆ. ಅದರ ಕಂಡಕ್ಟರ್ ನನಗೆ ಎಂಟು ವರ್ಷದಿಂದ ಪರಿಚಯ. ಹೆಸರು ಹಾಕಬೇಡಿ ಅಂದಿದ್ದಾರೆ. ಬಸ್ಸಲ್ಲಿ ಎಲ್ಲರೂ ಕರೆಯುವುದು ಕಂಡಕ್ಟರಣ್ಣ ಅಂತಲೇ, ನಾನೂ ಹಾಗೇ ಬರೆಯುತ್ತೇನೆ. ನಾನು ಪೇಟೆಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ಅವರ ನೋಟ್‌ಬುಕ್ಕು ನನ್ನ ಕೈಗೆ ಬಂದಿದ್ದು ಆ ಕಾರಣಕ್ಕೆ.

ಅದು ಇನ್ನೂರು ಪುಟದ ಮಾಮೂಲಿ ನೋಟ್‌ಬುಕ್ಕು. ಮೊದಲ ಹತ್ತು ಹದಿನೈದು ಪುಟದಲ್ಲಿ ಚಿಲ್ಲರೆ ಬಾಕಿ ಯಾರಿಗೆ ಕೊಡಬೇಕು ಅನ್ನುವ ಲೆಕ್ಕ. ಆಮೇಲೆ ಒಂದು ಪುಟದಲ್ಲಿ ಇದ್ದಕ್ಕಿದ್ದ ಹಾಗೆ ಹೀಗಿದೆ: "ಕಡಬಗೆರೆ, ಮೇಸ್ತ್ರಿ, ಪೇಪರ್ ಸುತ್ತಿದ ಕಬ್ಬಿಣ, ಸಂಜೆ 5ರ ಟ್ರಿಪ್ಪಲ್ಲಿ ವಾಪಸ್, ಅದೇ ಪೇಪರ್, ಅದೇ ಕಬ್ಬಿಣ."

ಕಥೆ ಶುರುವಾಗಿದ್ದು ಅಲ್ಲಿಂದ.

ಇದಕ್ಕೂ ಮೊದಲು ಅವರಿಗೆ ಹೀಗೆ ನೋಡುತ್ತಾ ಕೂರಲು ಪುರುಸೊತ್ತೇ ಇರಲಿಲ್ಲ. ಬಸ್ ತುಂಬಿರುತ್ತಿತ್ತು, ಟಿಕೆಟ್ ಕೊಟ್ಟು ಚಿಲ್ಲರೆ ಹೊಂದಿಸುವುದರಲ್ಲೇ ಆಲ್ದೂರು ಬಂದುಬಿಡುತ್ತಿತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ ಆಯಿತು. ಹಿಂದೆ ಮುಂದೆ ಸರ್ಕಾರಿ ಬಸ್ ಇದ್ದ ಟ್ರಿಪ್ಪುಗಳಲ್ಲಿ ಇವರ ಬಸ್ಸಿನ ಎಡಗಡೆ ಸಾಲು ಪೂರ್ತಿ ಖಾಲಿ ಹೊಡೆಯತೊಡಗಿತು. ಕಲೆಕ್ಷನ್ ಇಳಿಯಿತು, ಬತ್ತಾನೂ ಇಳಿಯಿತು. ಹಿಂದಿನ ಸೀಟಲ್ಲಿ ಕೂತು ಹತ್ತುವವರ ಕೈ ನೋಡುವುದಕ್ಕೆ ಟೈಮ್ ಮಾತ್ರ ಜಾಸ್ತಿ ಆಯಿತು.

ಅವರು ನೋಡಿದ್ದು ಇಷ್ಟೇ. ವಾರಕ್ಕೆ ನಾಲ್ಕೈದು ಜನ ಗಂಡಸರು ಬೆಳಿಗ್ಗೆ ಏನೋ ಒಂದು ಸಾಮಾನು ಹಿಡಿದು ಹತ್ತುತ್ತಾರೆ. ತೋಟದ ಪಂಪಿನ ಬೇರಿಂಗು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಬೆಲ್ಟು, ಕಳೆ ಹೊಡೆಯುವ ಮಿಷನ್ನಿನ ಕ್ಲಚ್ಚು, ಸ್ಪ್ರೇಯರ್ ಪ್ಯಾಕಿಂಗು. ಸಂಜೆ ಅವರಲ್ಲಿ ಕೆಲವರು ಹೊಸ ಸಾಮಾನು ಹಿಡಿದು ಬರುತ್ತಾರೆ. ಇನ್ನು ಕೆಲವರು ಹೋದ ಹಾಗೇ ವಾಪಸ್. ಮಾರನೇ ದಿನ ಅದೇ ಜನ ಮತ್ತೆ ಹತ್ತುತ್ತಾರೆ.

ಇದು ಅಂಗಡಿಯವನಿಗೆ ಕಾಣುವುದಿಲ್ಲ. ಅವನ ಕಣ್ಣಿಗೆ ಬೀಳುವುದು "ಆ ಸೈಜಿಲ್ಲ" ಅನ್ನಿಸಿಕೊಂಡು ಹೋದ ಒಬ್ಬ ಗಿರಾಕಿ ಮಾತ್ರ. ತೋಟದ ಯಜಮಾನರಿಗೂ ಕಾಣುವುದಿಲ್ಲ, ಅವರಿಗೆ ಗೊತ್ತಾಗುವುದು ಆಳು ಬರಲು ಕತ್ತಲಾಯಿತು ಅಂತಷ್ಟೇ. ಹೋಗುವಾಗಲೂ ಬರುವಾಗಲೂ ಅದೇ ಕೈಯನ್ನು ನೋಡುವವನು ಕಂಡಕ್ಟರ್ ಒಬ್ಬನೇ. ಇದನ್ನು ಅವರು ನನಗೆ ಹೇಳುವಾಗ ದೊಡ್ಡ ಸಂಗತಿ ಅನ್ನುವ ಹಾಗೇನೂ ಹೇಳಲಿಲ್ಲ. "ಎರಡು ಸಲ ಟಿಕೆಟ್ ಕೊಡೋನು ನಾನೇ ಅಲ್ವಾ" ಅಂದರು.

ಮೂರು ತಿಂಗಳು ಸುಮ್ನೆ ಬರೆದುಕೊಂಡರು. ಎಲ್ಲಿ ಹತ್ತಿದ್ದು, ಕೈಯಲ್ಲಿ ಏನು, ಯಾವ ಟ್ರಿಪ್ಪಲ್ಲಿ ವಾಪಸ್, ಸಿಕ್ಕಿತಾ ಇಲ್ವಾ. ಸಿಗದೆ ಬಂದವರನ್ನು ಪಕ್ಕ ಕೂತು ಕೇಳಿದರು, ಯಾಕೆ ಅಂತ. ಕಾರಣ ಹೆಚ್ಚೇನಿಲ್ಲ. ಒಂದಷ್ಟು ಜನ ಸ್ಯಾಂಪಲ್ಲೇ ತಂದಿರುವುದಿಲ್ಲ, ಬಾಯಲ್ಲಿ "ಪಂಪಿನ ದೊಡ್ಡ ಸೀಲು" ಅಂತ ಹೇಳುತ್ತಾರೆ. ಒಂದಷ್ಟು ಜನ ತಂದಿರುತ್ತಾರೆ, ನಂಬರ್ ಅಳಿಸಿಹೋಗಿರುತ್ತದೆ. ಉಳಿದವರು ತಪ್ಪು ಅಂಗಡಿಗೆ ಹೋಗಿರುತ್ತಾರೆ. ಬೇರಿಂಗ್ ಅಂಗಡಿ ಬೇರೆ, ಸ್ಪ್ರೇಯರ್ ಅಂಗಡಿ ಬೇರೆ, ಮೋಟಾರ್ ವೈಂಡಿಂಗ್ ಮಾಡುವವರು ಬೇರೆ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾ ಮಧ್ಯಾಹ್ನವಾಗುತ್ತದೆ.

ಈಗ ಲೆಕ್ಕ ನೋಡಿ. ಒಂದು ಆಯಿಲ್ ಸೀಲ್ 60 ರೂಪಾಯಿ ಅಂತಿಟ್ಟುಕೊಳ್ಳಿ. ಅದನ್ನು ತರಲು ಹೋದ ಆಳಿಗೆ ಆ ದಿನದ ಕೂಲಿ 500. ಬಸ್ ಚಾರ್ಜು ಹೋಗಿ ಬರಲು ನೂರು. ತಿಂಡಿ ಕಾಫಿ 70. ಅರವತ್ತರ ಸೀಲು ತೋಟಕ್ಕೆ ಬಂದು ಬೀಳುವಾಗ 730 ಆಗಿರುತ್ತದೆ. ಅಷ್ಟೂ ಆಗಿ ಸೀಲು ಸಿಕ್ಕಿರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಹಾಗಾದರೆ ಸಾಮಾನು ಮಾತ್ರ ಬಸ್ಸಲ್ಲಿ ಹೋಗಲಿ, ಮನುಷ್ಯ ತೋಟದಲ್ಲೇ ಇರಲಿ. ಯೋಚನೆ ಇಷ್ಟೇ. ಬಸ್ಸಲ್ಲಿ ಪಾರ್ಸೆಲ್ ಕಳಿಸುವುದು ಹೊಸದೇನಲ್ಲ. ಕೆಎಸ್‌ಆರ್‌ಟಿಸಿಯವರೂ 2021ರಲ್ಲಿ ನಮ್ಮ ಕಾರ್ಗೋ ಶುರು ಮಾಡಿದ್ದಾರೆ. ಆದರೆ ಪಾರ್ಸೆಲ್ ಅಂದರೆ ಒಬ್ಬ ಕಟ್ಟಿ ಕೊಟ್ಟಿದ್ದನ್ನು ಇನ್ನೊಬ್ಬನಿಗೆ ತಲುಪಿಸುವುದು. ಇಲ್ಲಿ ಬೇಕಾಗಿದ್ದು ಸರಿಯಾದ ಸಾಮಾನನ್ನು ಗುರುತು ಹಿಡಿದು, ಕೊಂಡು, ದಾರಿಯಲ್ಲಿ ಕೈಗೆ ಕೊಡುವವರು.

ಮೊದಲ ಪೆಟ್ಟು ಬಿದ್ದಿದ್ದು ಟೈಮಿಂಗಿನಲ್ಲಿ. ಬಸ್ ಪೇಟೆಗೆ ಬರುವುದು 8:40ಕ್ಕೆ, ವಾಪಸ್ ಹೊರಡುವುದು 10:20ಕ್ಕೆ. ನಡುವೆ ಸಿಗುವ ನೂರು ನಿಮಿಷದಲ್ಲಿ ತಿಂಡಿ, ಕಲೆಕ್ಷನ್ ಲೆಕ್ಕ, ಬಸ್ ಕಸ ಗುಡಿಸುವುದು ಎಲ್ಲ ಆಗಬೇಕು. ಅಂಗಡಿಗಳು ಬಾಗಿಲು ತೆಗೆಯುವುದೇ ಒಂಬತ್ತೂವರೆಗೆ. ಎರಡು ಅಂಗಡಿ ಸುತ್ತುವಷ್ಟರಲ್ಲಿ ಡ್ರೈವರ್ ಹಾರನ್ ಹೊಡೆಯುತ್ತಿರುತ್ತಾರೆ. ಎರಡು ವಾರ ಒಬ್ಬರೇ ಓಡಾಡಿ ಸಾಕಾಯಿತು. ಹೆಂಡತಿಯ ತಮ್ಮ ಪೇಟೆಯಲ್ಲೇ ಇದ್ದ, ಸ್ಕೂಟರ್ ಇತ್ತು. ಒಂದು ಸಾಮಾನಿಗೆ 20 ರೂಪಾಯಿ, ಪೆಟ್ರೋಲ್ ಬೇರೆ ಅಂತ ಅವನನ್ನು ಒಪ್ಪಿಸಿದರು.

ರೇಟು ಒಂದು ಸಾಮಾನಿಗೆ 60. ಅಂಗಡಿ ಬಿಲ್ಲಿನ ಮೇಲೆ ಒಂದು ಪೈಸೆ ಸೇರಿಸುವುದಿಲ್ಲ, ಬಿಲ್ಲು ಸಾಮಾನಿನ ಜೊತೆಗೇ ಬರುತ್ತದೆ. ಇದು ಒಳ್ಳೆಯ ತೀರ್ಮಾನವಾಗಿತ್ತು ಅಂತ ನನ್ನ ಅನಿಸಿಕೆ. ಮೊದಲ ದಿನವೇ ಬಿಲ್ಲಲ್ಲಿ ಕೈ ಆಡಿಸಿದ್ದರೆ ಕಾಫಿ ಸೀಮೆಯಲ್ಲಿ ಆ ಸುದ್ದಿ ಬಸ್ಸಿಗಿಂತ ಮುಂಚೆ ಬಾಳೆಹೊನ್ನೂರು ಮುಟ್ಟುತ್ತಿತ್ತು.

ಎರಡನೆಯ ಪೆಟ್ಟು ಯಾರೂ ಎಣಿಸದ ಕಡೆಯಿಂದ ಬಂತು. ಪೇಪರ್ ಪೊಟ್ಟಣ ಹಿಡಿದು ಹತ್ತಿದ ಮೇಸ್ತ್ರಿಗಳಿಗೆ ಇವರು ಖುಷಿಯಿಂದ ಹೇಳಿದರೆ ಅವರಿಗೆ ಖುಷಿಯೇ ಆಗಲಿಲ್ಲ. "ಇರ್ಲಿ ಬಿಡಿ ಕಂಡಕ್ಟ್ರೇ, ನಾನೇ ಹೋಗಿ ಬರ್ತೀನಿ" ಅನ್ನುವವರೇ ಎಲ್ಲ. ಒಂದು ತಿಂಗಳಲ್ಲಿ ಹನ್ನೊಂದು ಸಾಮಾನು ಬಂತು, ಅಷ್ಟೇ. ಆಮೇಲೆ ಒಬ್ಬರು ಬಾಯಿ ಬಿಟ್ಟರು. ಕೂಲಿ ಕಟ್ಟಾಗದೆ ಪೇಟೆ ನೋಡಿ, ಆಸ್ಪತ್ರೆಯಲ್ಲಿರುವ ನೆಂಟರನ್ನು ಮಾತಾಡಿಸಿ, ಮಗಳಿಗೆ ಒಂದು ಬಟ್ಟೆ ತರಲು ಸಿಗುವ ಅವಕಾಶ ಅದು. ಬೇರಿಂಗು ಒಂದು ನೆವ. ಇವರು ಅದನ್ನೇ ತಪ್ಪಿಸಲು ಹೊರಟಿದ್ದರು!

ಅಂದರೆ ಕೇಳಬೇಕಾಗಿದ್ದು ಬಸ್ ಹತ್ತುವವರನ್ನಲ್ಲ. ಆ ದಿನದ ಕೂಲಿ ಯಾರ ಜೇಬಿಂದ ಹೋಗುತ್ತದೋ ಅವರನ್ನು. ರಜೆಯ ದಿನ ಕಂಡಕ್ಟರಣ್ಣ ಬೈಕಲ್ಲಿ ಕಡಬಗೆರೆ ಸುತ್ತಮುತ್ತಲ ಐದಾರು ಸಣ್ಣ ತೋಟಗಳಿಗೆ ಹೋಗಿ ತೋಟದ ಲೆಕ್ಕ ನೋಡುವ ರೈಟರುಗಳನ್ನೂ ಯಜಮಾನರನ್ನೂ ಕಂಡರು. 730ರ ಲೆಕ್ಕವನ್ನು ಚೀಟಿಯಲ್ಲಿ ಬರೆದು ತೋರಿಸಿದರು. ನವೆಂಬರ್ ಬಂತು, ಅರೇಬಿಕಾ ಹಣ್ಣು ಕುಯ್ಲು ಶುರುವಾಯಿತು. ಆ ತಿಂಗಳು 46 ಸಾಮಾನು.

ಮೇಸ್ತ್ರಿಗಳು ಸ್ವಲ್ಪ ದಿನ ಮುಖ ಕೊಟ್ಟು ಮಾತಾಡಲಿಲ್ಲ ಅನ್ನುವುದು ಬೇರೆ ವಿಷಯ.

ಕುಯ್ಲಿನ ಕಾಲದ ಅವಸರ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿ ತೊಳೆದು ಒಣಗಿಸುವ ಕಾಫಿ, ಮಾಡುವ ತೋಟದಲ್ಲಿ ಹಣ್ಣು ಕಿತ್ತ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಬೇಕು. ರಾಶಿ ಹಾಕಿ ಬಿಟ್ಟರೆ ಒಳಗೆ ಕಾವು ಕೂತು ಹುಳಿ ಬರುತ್ತದೆ. ಹಾಗಾಗಿ ಬೇರೆ ಕಾಲದಲ್ಲಿ "ನಾಳೆ ನೋಡೋಣ" ಅನ್ನಿಸಿಕೊಳ್ಳುವ ಬೆಲ್ಟು ಡಿಸೆಂಬರಿನಲ್ಲಿ ಕಿತ್ತುಹೋದರೆ ಅವತ್ತೇ ಬೇಕು.

ಅಂಥ ಒಂದು ಬೆಲ್ಟಿನಲ್ಲೇ ಇವರು ಎಡವಿದ್ದು.

ಬೆಲ್ಟು ಬಿ ಸೆಕ್ಷನ್, ಅಂದರೆ ಮೇಲಿನ ಅಗಲ 17 ಮಿಲಿಮೀಟರ್. ಮೇಲೆ ಬರೆದಿದ್ದ ನಂಬರ್ ಪೂರ್ತಿ ಉಜ್ಜಿಹೋಗಿತ್ತು. ತೋಟದವರು ಹಳೇ ಬೆಲ್ಟಿನ ಹೊರಸುತ್ತಿಗೆ ದಾರ ಹಿಡಿದು ಅಳೆದು, ದಾರವನ್ನು ಟೇಪಿಗೆ ಹಿಡಿದು, 55 ಇಂಚು ಅಂತ ಫೋನಲ್ಲಿ ಹೇಳಿದರು. ಇವರು ಬಿ-55 ತರಿಸಿಕೊಟ್ಟರು. ಆದರೆ ಆ ನಂಬರ್ ಬೆಲ್ಟಿನ ಒಳಸುತ್ತಿನ ಉದ್ದ. ಬಿ ಸೆಕ್ಷನ್ನಿನಲ್ಲಿ ಹೊರಸುತ್ತು ಒಳಸುತ್ತಿಗಿಂತ ಎರಡೂವರೆ ಇಂಚಿಗೂ ಜಾಸ್ತಿ ಇರುತ್ತದೆ. ಬೇಕಾಗಿದ್ದುದು ಬಿ-52. ಬಂದ ಬೆಲ್ಟು ಜೋತುಬಿತ್ತು, ಮೋಟಾರನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡೋಣ ಅಂದರೆ ಹಳಿಯಲ್ಲಿ ಅಷ್ಟು ಜಾಗ ಇಲ್ಲ. ಆ ದಿನದ ಹಣ್ಣನ್ನು ಪಲ್ಪ್ ಮಾಡಲು ಆಗಲಿಲ್ಲ, ಕಣದಲ್ಲಿ ಹರವಿ ಸಿಪ್ಪೆ ಸಮೇತ ಒಣಗಿಸಿ ಚೆರ್ರಿ ಮಾಡಿದರು. ಯಜಮಾನರು ಬೈಯಲಿಲ್ಲ. ಫೋನ್ ಮಾಡುವುದನ್ನೇ ನಿಲ್ಲಿಸಿದರು, ಎರಡು ತಿಂಗಳು.

ಮೊದಲ ನಾಲ್ಕು ತಿಂಗಳಲ್ಲಿ ಹೀಗೆ ತಪ್ಪಾಗಿದ್ದು ಒಟ್ಟು ಹದಿನಾಲ್ಕು. ನಾವಿಬ್ಬರೂ ಕೂತು ಒಂದೊಂದನ್ನೇ ನೋಡಿದೆವು. ಒಂಬತ್ತು ಬಾಯಿಮಾತಿನ ಆರ್ಡರು. ಅಲ್ಲಿಂದಾಚೆಗೆ ಸ್ಯಾಂಪಲ್ ಕೈಗೆ ಬರದೆ ಆರ್ಡರ್ ಇಲ್ಲ ಅಂತ ಕಂಡಕ್ಟರಣ್ಣ ಗಟ್ಟಿ ಮಾಡಿಬಿಟ್ಟರು. ಬಿಚ್ಚಲು ಆಗದಿದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ, ಅದೂ ಎರಡು ಕಡೆಯಿಂದ.

ಈಗ ಅವರ ಚರ್ಮದ ಬ್ಯಾಗಲ್ಲಿ ಟಿಕೆಟ್ ಮಿಷನ್ ಪಕ್ಕ ಒಂದು ವರ್ನಿಯರ್ ಕ್ಯಾಲಿಪರ್, ಒಂದು ಪುಟ್ಟ ಟಾರ್ಚು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಇರುವ ಡಬ್ಬಿ. ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಮಣ್ಣು ಗ್ರೀಸು ಮೆತ್ತಿದ ಸೀಲನ್ನು ಆ ಬಟ್ಟೆಯಲ್ಲಿ ಉಜ್ಜಿ, ಟಾರ್ಚನ್ನು ಎದುರಿಗೆ ಹಿಡಿಯದೆ ಅಡ್ಡಕ್ಕೆ ಹಿಡಿಯುತ್ತಾರೆ. ಅಡ್ಡ ಬೆಳಕಲ್ಲಿ ಸವೆದ ಅಚ್ಚಿನ ನೆರಳು ಬೀಳುತ್ತದೆ. ನಿಧಾನಕ್ಕೆ ಮೂರು ಸಂಖ್ಯೆ ಮೇಲೆದ್ದು ಬರುತ್ತವೆ: 20 35 7. ಒಳಗಿನ ತೂತು 20, ಹೊರಗಿನ ಅಳತೆ 35, ದಪ್ಪ 7 ಮಿಲಿಮೀಟರ್. ಈ ಮೂರು ಸಿಕ್ಕರೆ ಯಾವ ಕಂಪನಿಯ ಪಂಪು ಅಂತ ಅಂಗಡಿಯವನು ಕೇಳುವ ಅಗತ್ಯವೇ ಇಲ್ಲ.

ಬೇರಿಂಗಿನ ನಂಬರ್ ಅವರಿಗೆ ಸ್ಟೇಜ್ ರೇಟಿನ ಹಾಗೆ ಬಾಯಿಪಾಠ. ಕೊನೆಯ ಎರಡು ಅಂಕೆಯನ್ನು ಐದರಿಂದ ಗುಣಿಸಿದರೆ ಶಾಫ್ಟಿನ ದಪ್ಪ. 6204 ಅಂದರೆ 20 ಮಿಲಿಮೀಟರ್, 6205 ಅಂದರೆ 25. ಈ ಲೆಕ್ಕ 04ರಿಂದ ಮೇಲಕ್ಕೆ ಮಾತ್ರ. 6203ಕ್ಕೆ ಹಾಕಿದರೆ 15 ಬರುತ್ತದೆ, ನಿಜವಾದ ಅಳತೆ 17. ಅದನ್ನೂ ಒಮ್ಮೆ ತಪ್ಪು ಮಾಡಿಯೇ ಕಲಿತಿದ್ದು. ನಂಬರಿನ ಹಿಂದೆ ಬರುವ ಅಕ್ಷರ ಇನ್ನೂ ಮುಖ್ಯ. ಜಡ್ ಜಡ್ ಅಂದರೆ ತಗಡಿನ ಮುಚ್ಚಳ, ಧೂಳು ತಡೆಯುತ್ತದೆ, ನೀರು ತಡೆಯುವುದಿಲ್ಲ. ಟೂ ಆರ್ ಎಸ್ ಅಂದರೆ ಎರಡೂ ಕಡೆ ರಬ್ಬರ್ ಸೀಲು. ಸದಾ ನೀರು ಸಿಡಿಯುವ ಪಲ್ಪರಿಗೆ ತಗಡು ಮುಚ್ಚಳದ್ದು ಹಾಕಿದರೆ ಅವತ್ತು ಸರಿಯಾಗೇ ತಿರುಗುತ್ತದೆ. ಸ್ವಲ್ಪ ದಿನಕ್ಕೆ ಒಳಗೆ ತುಕ್ಕು ಹಿಡಿದು ಕರಕರ ಅನ್ನುತ್ತದೆ. ಆಗ ಬೈಗುಳ ತಂದುಕೊಟ್ಟವನಿಗೆ.

ಈಗ ದುಡ್ಡಿನ ವಿಷಯ. ಡಿಸೆಂಬರಿನಲ್ಲಿ 63 ಸಾಮಾನು ಬಂತು. ಎಲ್ಲರೂ ಶಹಭಾಸ್ ಅನ್ನುವ ಹೊತ್ತಿಗೆ ನಾನು ಲೆಕ್ಕ ತೆಗೆದೆ. 63ಕ್ಕೆ 60ರಂತೆ 3780 ರೂಪಾಯಿ. ಭಾಮೈದನಿಗೆ 1260. ಸ್ಕೂಟರ್ ಪೆಟ್ರೋಲ್ 600. ಬಸ್ಸಿಗೆ ಸಾಮಾನೊಂದಕ್ಕೆ 15ರಂತೆ 945. ಕೈಗೆ ಉಳಿದಿದ್ದು 975. ವರ್ಷದಲ್ಲೇ ಜಾಸ್ತಿ ಕೆಲಸ ಇರುವ ತಿಂಗಳಲ್ಲಿ ಇಷ್ಟು! ಜೊತೆಗೆ ರೈಟರುಗಳು "ಬಟವಾಡೆ ದಿನ ಕೊಡ್ತೀವಿ" ಅಂತ ಉದ್ರಿ ಹೇಳಿದ್ದು ಬೆಳೆದು, ಇವರ ಸ್ವಂತದ 23,000 ಹೊರಗೆ ನಿಂತಿತ್ತು. ಒಂಬೈನೂರು ದುಡಿಯಲು ಇಪ್ಪತ್ಮೂರು ಸಾವಿರ ಸಾಲ ಕೊಟ್ಟ ಹಾಗೆ. ಮುಚ್ಚಿಬಿಡಿ ಅಂತ ನಾನು ಹೇಳಿದ್ದೆ. ಈಗ ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ.

ಅವರು ಮಾತಾಡದೆ ನೋಟ್‌ಬುಕ್ ತಿರುಗಿಸಿ ಇಟ್ಟರು. ಡಿಸೆಂಬರಿನ 63ರಲ್ಲಿ 38 ಸಾಮಾನು ಬರೀ ಹತ್ತು ಹನ್ನೆರಡು ಐಟಂ. 6203, 6204, 6205 ಬೇರಿಂಗು, ನಾಲ್ಕು ಸೈಜಿನ ಸೀಲು, ಮೂರು ನಂಬರಿನ ಬೆಲ್ಟು, ಸ್ಪಾರ್ಕ್ ಪ್ಲಗ್ಗು, ಸ್ಪ್ರೇಯರ್ ಪ್ಯಾಕಿಂಗು. "ದಿನಾ ಅದನ್ನೇ ಯಾಕೆ ಓಡಿ ತರ್ಬೇಕು ಮಾರಾಯ್ರೆ? ಒಂದೇ ಸಲ ತಂದಿಟ್ಟುಕೊಂಡ್ರೆ ಆಗಲ್ವಾ?" ಅಂದರು.

ವ್ಯಾಪಾರ ಅನ್ನುವುದು ಹುಟ್ಟಿದ್ದು ಆವತ್ತು, ಅದಕ್ಕೂ ಮುಂಚಿನದೆಲ್ಲ ಓಡಾಟ. ಒಂದೊಂದಾಗಿ ಕೊಂಡರೆ ಬಿಲ್ಲಿನ ರೇಟು, ಒಟ್ಟಿಗೆ ಕೊಂಡರೆ ಅಂಗಡಿಯವರು ನೂರಕ್ಕೆ ಹದಿನೈದು ಬಿಡುತ್ತೇವೆ ಅಂದರು. ಡಿಸೆಂಬರಿನ ಸಾಮಾನು ಸರಾಸರಿ 280 ರೂಪಾಯಿ ಇತ್ತು. 38 ಸಾಮಾನಿಗೆ 10,640 ಆಯಿತು, ಅದರಲ್ಲಿ ಹದಿನೈದು ಪಾಲು ಅಂದರೆ 1596. ಆ 38ಕ್ಕೆ ಸ್ಕೂಟರ್ ಓಡಾಟವೂ ಇಲ್ಲ, ಭಾಮೈದನ 20ರ ಲೆಕ್ಕವೂ ಇಲ್ಲ. ದೊಡ್ಡ ದುಡ್ಡಲ್ಲ, ಆದರೆ ದಿಕ್ಕು ಸರಿಯಾಯಿತು.

ಸುಮಾರು 40,000ದ ಮಾಲು ತಂದು ಒಂದು ತಗಡಿನ ಟ್ರಂಕಲ್ಲಿ ತುಂಬಿ, ಆಲ್ದೂರಲ್ಲಿ ಸ್ಟ್ಯಾಂಡ್ ಹತ್ತಿರದ ಒಂದು ಪರಿಚಯದ ಅಂಗಡಿಯಲ್ಲಿ ಇಟ್ಟರು. ಆಲ್ದೂರೇ ಯಾಕೆ? ಬಸ್ ಮಾಲೀಕರದ್ದು ಇದೇ ರೂಟಲ್ಲಿ ಇನ್ನೊಂದು ಬಸ್ಸಿದೆ. ಪೇಟೆಯಿಂದ ಬರುವ ಅದು, ಬಾಳೆಹೊನ್ನೂರಿಂದ ಹೋಗುವ ಇದು, ಎಂಟರ ಹೊತ್ತಿಗೆ ಆಲ್ದೂರಲ್ಲಿ ಎದುರಾಗುತ್ತವೆ. ಕಡಬಗೆರೆಯಲ್ಲಿ ಏಳೂಕಾಲಿಗೆ ಕೈಗೆ ಬಂದ ಸ್ಯಾಂಪಲ್ಲನ್ನು ಇವರು ಬಸ್ಸಲ್ಲೇ ಉಜ್ಜಿ ನೋಡಿ, ಆಲ್ದೂರಿನ ಅಂಗಡಿಗೆ ಫೋನ್ ಮಾಡಿ, ಟ್ರಂಕಿಂದ ತೆಗೆಸಿದ ಸಾಮಾನನ್ನು ಎದುರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾರೆ. ಒಂಬತ್ತಕ್ಕೆ ಮೊದಲು ಅದು ಕಡಬಗೆರೆಯಲ್ಲಿ ಇರುತ್ತದೆ. ಟ್ರಂಕಲ್ಲಿ ಇಲ್ಲದ್ದು ಮಾತ್ರ ಪೇಟೆಗೆ ಹೋಗಿ 10:20ರ ಬಸ್ಸಿಗೆ ಬರುತ್ತದೆ.

ಉದ್ರಿಗೂ ಒಂದು ದಾರಿ ಮಾಡಿದರು. ಪ್ರತಿ ತೋಟದಿಂದ 1000 ಮುಂಗಡ, ಅದು ಮುಗಿಯುವವರೆಗೆ ಸಾಮಾನು. ಇಬ್ಬರು ಬಿಟ್ಟುಹೋದರು. ಹೋಗಲಿ ಅಂತ ಬಿಟ್ಟರು.

ಕಾಗದ ಪತ್ರದ್ದು ಕಷ್ಟವಾಗಲಿಲ್ಲ. ಉದ್ಯಮ್ ರಿಜಿಸ್ಟ್ರೇಷನ್ ಆಧಾರ್ ಹಾಕಿ ಫ್ರೀಯಾಗಿ ಮಾಡಿಸಿದೆವು, ಭಾಮೈದನ ಹೆಸರಲ್ಲಿ. ಸಾಮಾನು ಮಾರುವವರಿಗೆ ಜಿಎಸ್‌ಟಿ ಮಿತಿ ವರ್ಷಕ್ಕೆ 40 ಲಕ್ಷ, ಇವರು ಅದರ ಹತ್ತಿರಕ್ಕೂ ಇಲ್ಲ. ಬಸ್ಸಲ್ಲಿ ಏನು ಹಾಕಬಾರದು ಅನ್ನುವುದರಲ್ಲಿ ಮಾತ್ರ ಅವರು ಬಿಗಿ, ಕಂಡಕ್ಟರ್ ಲೈಸೆನ್ಸ್ ಬ್ಯಾಡ್ಜು ಹೋದರೆ ಎಲ್ಲ ಹೋದ ಹಾಗೆ ಅಲ್ವಾ. ಬ್ಯಾಟರಿ ಇಲ್ಲ, ಔಷಧಿ ಕ್ಯಾನಿಲ್ಲ, ಟ್ಯಾಂಕಲ್ಲಿ ಪೆಟ್ರೋಲ್ ಇರುವ ಕಳೆ ಮಿಷನ್ ಅಂತೂ ಇಲ್ಲವೇ ಇಲ್ಲ. ಅಂಗೈಯಲ್ಲಿ ಹಿಡಿಯುವಂಥದ್ದು, ಹೆಗಲಿಗೆ ಹಾಕಿಕೊಳ್ಳುವ ಬೆಲ್ಟು, ಅಷ್ಟೇ.

ಬಸ್ ಮಾಲೀಕರ ತಕರಾರು ಬಂದಿದ್ದು ಫೆಬ್ರವರಿಯಲ್ಲಿ. ಅದರಲ್ಲಿ ನ್ಯಾಯವೂ ಇತ್ತು. "ಹೆಂಗಸ್ರನ್ನ ಸರ್ಕಾರದವ್ರು ಕರ್ಕೊಂಡು ಹೋದ್ರು. ಇದ್ದ ಗಂಡಸ್ರನ್ನ ನೀನು ಇಳಿಸ್ತಿದೀಯಲ್ಲಪ್ಪ" ಅಂದರಂತೆ. ನೋಟ್‌ಬುಕ್ಕಿನಲ್ಲೇ ಸಾಕ್ಷಿ ಇತ್ತು. ಮೊದಲು ತಿಂಗಳಿಗೆ ಇಪ್ಪತ್ತು ಜನ ಸಾಮಾನು ಹಿಡಿದು ಹೋಗಿ ಬರುತ್ತಿದ್ದರು, ಅಂದರೆ ಎರಡು ಸಾವಿರದ ಟಿಕೆಟ್ಟು. ಅದರ ಬದಲು ಈಗ ಬಸ್ಸಿಗೆ 945. ಅವರು ಹೇಳಿದ್ದನ್ನು ಕಂಡಕ್ಟರಣ್ಣ ಅಲ್ಲಗಳೆಯಲಿಲ್ಲ. ಹದಿನೈದನ್ನು ಇಪ್ಪತ್ತೈದು ಮಾಡಿದರು, ಎರಡೂ ಬಸ್ಸಿನ ಲಗೇಜ್ ಲೆಕ್ಕಕ್ಕೆ ಸೇರಿಸಿದರು, ತೋಟಗಳಿಗೆ ರೇಟು 60ರಿಂದ 75 ಆಯಿತು. ಯಾರೂ ಗೊಣಗಲಿಲ್ಲ. 730ರ ಮುಂದೆ 75 ಯಾವ ಲೆಕ್ಕ.

ಮಳೆಗಾಲದಲ್ಲಿ ಕಥೆ ಬೇರೆ. ಜೂನ್‌ನಲ್ಲಿ ಕಳೆ ಹೊಡೆಯುವ ಮಿಷನ್ನಿಂದಾಗಿ ಸ್ವಲ್ಪ ಓಡಿತು, ಆಗಸ್ಟಿನಲ್ಲಿ ಒಂಬತ್ತೇ ಒಂಬತ್ತು ಸಾಮಾನು. ಎರಡು ದಿನ ರಸ್ತೆಗೆ ಮರ ಬಿದ್ದು ಬಸ್ಸೇ ಹೋಗಲಿಲ್ಲ. ಟ್ರಂಕಲ್ಲಿದ್ದ ಬೇರಿಂಗುಗಳಿಗೆ ತೇವ ಹಿಡಿಯದ ಹಾಗೆ ಎಣ್ಣೆ ಕಾಗದ ಸುತ್ತಿ ಸುತ್ತಿ ಇಟ್ಟರು. ಭಾಮೈದ ಆ ತಿಂಗಳು ಬೇರೆ ಕಡೆ ಡೆಲಿವರಿ ಕೆಲಸಕ್ಕೆ ಹೋಗಿ ಬಂದ. ಇದನ್ನೇ ನಂಬಿ ಕಂಡಕ್ಟರ್ ಕೆಲಸ ಬಿಡುವ ಹಾಗಿಲ್ಲ. ಬಿಟ್ಟರೆ ಹತ್ತುವವರ ಕೈ ನೋಡುವವರು ಯಾರು?

ಹೋದ ವಾರ ನಾನು ಅದೇ 6:50ರ ಬಸ್ಸಲ್ಲಿ ಬರುತ್ತಿದ್ದೆ. ಕಡಬಗೆರೆಯಲ್ಲಿ ಒಬ್ಬ ಮೇಸ್ತ್ರಿ ಹತ್ತಿದರು, ಕೈಯಲ್ಲಿ ಪೇಪರ್ ಪೊಟ್ಟಣ. ಕಂಡಕ್ಟರಣ್ಣ ಪೊಟ್ಟಣದ ಮೇಲಿಂದಲೇ ಹೆಬ್ಬೆರಳಲ್ಲಿ ಒತ್ತಿ ನೋಡಿ "6204. ಆಲ್ದೂರಲ್ಲಿ ಇದೆ. ನೀವು ಇಲ್ಲೇ ಇಳೀರಿ, ಒಂಬತ್ತಕ್ಕೆ ಬರ್ತದೆ" ಅಂದರು.

"ಗೊತ್ತು ಕಂಡಕ್ಟ್ರೇ" ಅಂತ ಮೇಸ್ತ್ರಿ ಕಿಟಕಿ ಪಕ್ಕದ ಸೀಟಲ್ಲಿ ಕೂತರು. "ಅದನ್ನ ಕಳ್ಸಿಬಿಡಿ. ನಂಗೊಂದು ಚಿಕ್ಕಮಗಳೂರು ಟಿಕೆಟ್ ಕೊಡಿ. ಇವತ್ತು ನಾನು ರಜ."

ಕಂಡಕ್ಟರಣ್ಣ ನನ್ನ ಕಡೆ ಒಮ್ಮೆ ನೋಡಿ, ಟಿಕೆಟ್ ಹರಿದು ಕೊಟ್ಟು, ನೋಟ್‌ಬುಕ್ ತೆಗೆದರು.